ಮೇಲೆ ಬಂದರೂ ಮಾಗದ ಕೋಶಗಳು

ಕೊಲೊನೊಸ್ಕೋಪಿ ಮಾಡಿಸಿಕೊಂಡು ಬಂದವರ ಫೈಲಿಗೆ ಕೆಲವು ದಿನಗಳ ನಂತರ ಇನ್ನೊಂದು ಹಾಳೆ ಸೇರುತ್ತದೆ. ಬಯಾಪ್ಸಿ ವರದಿ. ಅರ್ಧ ಪುಟ ಇಂಗ್ಲಿಷಿನ ಕೊನೆಗೆ ದಪ್ಪಕ್ಷರದಲ್ಲಿ ಒಂದು ಸಾಲು: ‘ಟ್ಯೂಬುಲರ್ ಅಡಿನೋಮ, ಲೋ ಗ್ರೇಡ್ ಡಿಸ್ಪ್ಲೇಸಿಯಾ’. ಮನೆಯವರಲ್ಲಿ ಯಾರಾದರೂ ಅದನ್ನು ಮೊಬೈಲಿನಲ್ಲಿ ಹುಡುಕುತ್ತಾರೆ, ‘ಕ್ಯಾನ್ಸರ್’ ಎಂಬ ಪದ ಕಣ್ಣಿಗೆ ಬೀಳುತ್ತದೆ, ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ಆ ಸಾಲನ್ನು ಬರೆದವರು ರೋಗಿಯ ಮುಖವನ್ನೇ ನೋಡಿರುವುದಿಲ್ಲ. ಅವರು ನೋಡಿದ್ದು ಗುಲಾಬಿ, ನೀಲಿ ಬಣ್ಣ ಹಿಡಿದ ಒಂದು ಗಾಜಿನ ಪಟ್ಟಿ ಮಾತ್ರ. ಅದರಲ್ಲಿ ಅವರಿಗೆ ಕಂಡದ್ದೇನು?

ಆಸ್ಪತ್ರೆಗಳಲ್ಲಿ ನಿತ್ಯ ಬರುವಂಥ ಒಂದು ಮಾದರಿ ಪ್ರಕರಣ ಹಿಡಿದು ಹೋಗೋಣ. ಐವತ್ನಾಲ್ಕು ವರ್ಷದ ಒಬ್ಬರಿಗೆ ಮಲದಲ್ಲಿ ಆಗಾಗ ರಕ್ತ ಕಾಣಿಸುತ್ತಿದೆ. ದೊಡ್ಡಕರುಳಿನ ಕೊನೆಯ ಬಾಗಿನಲ್ಲಿ, ಅಂದರೆ ಸಿಗ್ಮಾಯ್ಡ್ ಭಾಗದಲ್ಲಿ, ತೊಟ್ಟಿನ ಮೇಲೆ ನಿಂತ ಎಂಟು ಮಿಲಿಮೀಟರಿನ ಒಂದು ಪಾಲಿಪ್ ಸಿಕ್ಕಿತು. ವೈದ್ಯರು ತೊಟ್ಟಿಗೆ ತಂತಿಯ ಕುಣಿಕೆ ಹಾಕಿ, ವಿದ್ಯುತ್ ಹಾಯಿಸಿ, ಸುಟ್ಟು ಕತ್ತರಿಸಿ ತೆಗೆದರು. ಅದು ನೇರವಾಗಿ ಫಾರ್ಮಲಿನ್ ತುಂಬಿದ ಡಬ್ಬಿಗೆ ಬಿತ್ತು. ಸುಟ್ಟು ತೆಗೆದದ್ದು, ಸಿಗ್ಮಾಯ್ಡಿನದು, ತೊಟ್ಟು ಇರುವಂಥದ್ದು: ಈ ಮೂರು ಸಂಗತಿಗಳೂ ಮುಂದೆ ಸ್ಲೈಡಿನ ಮೇಲೆ ತಮ್ಮ ಗುರುತು ಬಿಡುತ್ತವೆ.

ಫಾರ್ಮಲಿನ್ ಕೋಶಗಳನ್ನು ಇದ್ದಂತೆಯೇ ಹಿಡಿದು ನಿಲ್ಲಿಸುತ್ತದೆ. ಅದು ಇಲ್ಲದಿದ್ದರೆ ತುಣುಕು ತನ್ನೊಳಗಿನ ಕಿಣ್ವಗಳಿಂದಲೇ ಕರಗತೊಡಗುತ್ತದೆ. ಲ್ಯಾಬಿಗೆ ಬಂದ ಪಾಲಿಪ್ಪನ್ನು ಮೊದಲು ಅಳೆಯುತ್ತಾರೆ. ತೊಟ್ಟಿನ ಕತ್ತರಿಸಿದ ತುದಿಗೆ ಶಾಯಿ ಹಚ್ಚುತ್ತಾರೆ. ರೋಗ ಆ ಅಂಚಿನವರೆಗೂ ಇಳಿದಿದೆಯೇ ಎಂದು ಆಮೇಲೆ ಹೇಳಬೇಕಲ್ಲ. ನಂತರ ತಲೆಯೂ ತೊಟ್ಟೂ ಒಂದೇ ನೋಟಕ್ಕೆ ಸಿಗುವಂತೆ ಉದ್ದಕ್ಕೆ ಸೀಳುತ್ತಾರೆ. ರಾತ್ರಿಯಿಡೀ ಯಂತ್ರದಲ್ಲಿ ಆಲ್ಕೋಹಾಲ್ ನೀರನ್ನು ಹೊರಹಾಕುತ್ತದೆ, ಝೈಲೀನ್ ಆಲ್ಕೋಹಾಲನ್ನು ಹೊರಹಾಕುತ್ತದೆ, ಕೊನೆಗೆ ಕರಗಿದ ಮೇಣ ಆ ಜಾಗ ತುಂಬುತ್ತದೆ. ಬೆಳಿಗ್ಗೆ ಕೈಗೆ ಸಿಗುವುದು ಮೇಣದ ಒಂದು ಬಿಲ್ಲೆ, ಲ್ಯಾಬಿನವರ ಬಾಯಲ್ಲಿ ‘ಬ್ಲಾಕ್’. ಮೈಕ್ರೋಟೋಮ್ ಯಂತ್ರದಲ್ಲಿ ಟೆಕ್ನಿಷಿಯನ್ ಅದನ್ನು ಮೂರು ನಾಲ್ಕು ಮೈಕ್ರಾನ್ ದಪ್ಪಕ್ಕೆ ಹೆರೆಯುತ್ತಾರೆ. ಒಂದು ಕೆಂಪು ರಕ್ತಕಣದ ಅಗಲ ಸುಮಾರು ಏಳು ಮೈಕ್ರಾನ್. ಹೆರೆದ ಪದರದ ದಪ್ಪ ಅದರ ಅರ್ಧದಷ್ಟು. ಪದರವನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಸಿ, ಸುಕ್ಕು ಬಿಡಿಸಿ, ಗಾಜಿನ ಮೇಲೆ ಎತ್ತಿಕೊಳ್ಳುತ್ತಾರೆ.

ಇಷ್ಟಾದ ಮೇಲೂ ಸೂಕ್ಷ್ಮದರ್ಶಕದಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಪದರ ಬಹುತೇಕ ಪಾರದರ್ಶಕ. ಬಣ್ಣ ಬರಬೇಕು. ಮೊದಲನೆಯ ಬಣ್ಣ ಹಿಮಟಾಕ್ಸಿಲಿನ್. ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ಲಾಗ್‌ವುಡ್ ಎಂಬ ಮರದ ತಿರುಳಿನಿಂದ ಬರುವ ಇದು ಒಂದು ಕಾಲದಲ್ಲಿ ಬಟ್ಟೆಗೆ ಹಾಕುವ ಬಣ್ಣವಾಗಿತ್ತು. ಇದನ್ನು ಉತ್ಕರ್ಷಿಸಿ, ಪಟಿಕದ ಲವಣದೊಂದಿಗೆ ಸೇರಿಸಿದಾಗ ಧನ ವಿದ್ಯುದಂಶದ ಬಣ್ಣವಾಗಿ, ಕೋಶಕೇಂದ್ರದಲ್ಲಿರುವ ಡಿಎನ್ಎಗೆ ಗಟ್ಟಿಯಾಗಿ ಅಂಟುತ್ತದೆ. ಹೆಚ್ಚಾದ ಬಣ್ಣವನ್ನು ಆಮ್ಲ ಬೆರೆಸಿದ ಆಲ್ಕೋಹಾಲಿನಲ್ಲಿ ಕೆಲವೇ ಸೆಕೆಂಡು ಅದ್ದಿ ಇಳಿಸುತ್ತಾರೆ. ಆ ಹೊತ್ತಿಗೆ ಅದು ಇನ್ನೂ ಕೆಂಪು ಮಿಶ್ರಿತ ನೇರಳೆ. ನಲ್ಲಿಯ ಹರಿಯುವ ನೀರಿಗೆ ಹಿಡಿದಾಗ ನೀಲಿಗೆ ತಿರುಗುತ್ತದೆ, ಏಕೆಂದರೆ ನೀರಿನ ಅಲ್ಪ ಕ್ಷಾರಗುಣ ಸಾಕು. ಬೋರ್‌ವೆಲ್ಲಿನ ಗಡಸು ನೀರನ್ನು ಬೈಯದ ಕೆಲವೇ ಜಾಗಗಳಲ್ಲಿ ಹಿಸ್ಟಾಲಜಿ ಲ್ಯಾಬ್ ಒಂದು. ಎರಡನೆಯ ಬಣ್ಣ ಇಯೋಸಿನ್, ಕಾರ್ಖಾನೆಯಲ್ಲಿ ತಯಾರಾಗುವ ಕೆಂಪು. ಇದು ಕೋಶರಸ, ಸ್ನಾಯು, ನಾರುಗಳಲ್ಲಿನ ಪ್ರೋಟೀನುಗಳನ್ನು ಹಿಡಿದು ಗುಲಾಬಿಯ ಬೇರೆ ಬೇರೆ ಛಾಯೆಗಳನ್ನು ಕೊಡುತ್ತದೆ. ಲೋಳೆಗೆ ಇವೆರಡೂ ಸರಿಯಾಗಿ ಹತ್ತುವುದಿಲ್ಲ; ಅದು ಮಸುಕಾಗಿ, ಹೆಚ್ಚು ಕಡಿಮೆ ಖಾಲಿ ಜಾಗದಂತೆ ಉಳಿಯುತ್ತದೆ. ಈ ಖಾಲಿತನವೇ ದೊಡ್ಡಕರುಳಿನ ಸ್ಲೈಡಿನಲ್ಲಿ ಬಹಳ ಹೇಳುತ್ತದೆ.

ಅನುಭವ ಇರುವವರು ರೋಗ ಹುಡುಕುವ ಮೊದಲು ಸ್ಲೈಡನ್ನೇ ಪರೀಕ್ಷಿಸುತ್ತಾರೆ. ಪದರ ದಪ್ಪವಾಗಿದ್ದರೆ ಕೋಶಕೇಂದ್ರಗಳು ಒಂದರ ಮೇಲೊಂದು ಬಿದ್ದು ಒತ್ತೊತ್ತಾಗಿ ಕಾಣುತ್ತವೆ. ಹಿಮಟಾಕ್ಸಿಲಿನ್ ಹೆಚ್ಚಾಗಿದ್ದರೆ ಎಲ್ಲವೂ ಕಪ್ಪಗೆ. ‘ಒತ್ತೊತ್ತು’, ‘ಕಪ್ಪು’ ಎರಡೂ ಡಿಸ್ಪ್ಲೇಸಿಯಾದ ಲಕ್ಷಣಗಳೇ ಆದ್ದರಿಂದ, ಟೆಕ್ನಿಷಿಯನ್ನನ ಅವಸರ ರೋಗಿಯ ರೋಗವಾಗಿಬಿಡಬಹುದು. ಪಾರಾಗುವ ದಾರಿ ಅದೇ ಗಾಜಿನ ಮೇಲಿದೆ. ಪಕ್ಕದಲ್ಲಿರುವ ಸಹಜ ಗ್ರಂಥಿಯನ್ನೂ, ಅಲ್ಲಲ್ಲಿ ಚದುರಿದ ಲಿಂಫೋಸೈಟುಗಳನ್ನೂ ನೋಡಬೇಕು. ಅವೂ ಅಷ್ಟೇ ಕಪ್ಪಗಿದ್ದರೆ ದೋಷ ಬಣ್ಣದ್ದು.

ಈಗ ಅತಿ ಕಡಿಮೆ ಹಿಗ್ಗಿಸುವ ಮಸೂರ, ನಾಲ್ಕು ಪಟ್ಟಿನದು. ಕಣ್ಣಿನ ಹತ್ತಿರದ ಮಸೂರ ಇನ್ನು ಹತ್ತು ಪಟ್ಟು ಹಿಗ್ಗಿಸುವುದರಿಂದ ಒಟ್ಟು ನಲವತ್ತು ಪಟ್ಟು. ಹೊಸಬರು ನೇರ ದೊಡ್ಡ ಮಸೂರಕ್ಕೆ ಹಾರುತ್ತಾರೆ, ಹಾರಿ ಕಳೆದುಹೋಗುತ್ತಾರೆ. ಸಹಜ ಗ್ರಂಥಿ ಯಾವುದು ಎಂಬುದು ದೂರದ ನೋಟದಲ್ಲೇ ಅರ್ಧ ತಿಳಿಯುತ್ತದೆ. ನಮ್ಮ ಪಾಲಿಪ್ಪಿನ ತೊಟ್ಟಿನ ಮೈಮೇಲೆ ಸಹಜ ಲೋಳೆಪೊರೆಯೇ ಇದೆ. ಅಲ್ಲಿ ಗ್ರಂಥಿಗಳು, ವೈದ್ಯರ ಮಾತಿನಲ್ಲಿ ಕ್ರಿಪ್ಟ್‌ಗಳು, ನೇರ ಕೊಳವೆಗಳಾಗಿ ಪಕ್ಕಪಕ್ಕದಲ್ಲಿ ಸಮಾನ ಅಂತರದಲ್ಲಿ ನಿಂತಿವೆ. ಬಾಯಿ ಮೇಲ್ಮೈಗೆ ತೆರೆದಿದೆ. ಬುಡ ಕೆಳಗಿನ ತೆಳು ಸ್ನಾಯುಪಟ್ಟಿಯ ಮೇಲೆ ಬಂದು ನಿಂತಿದೆ. ಈ ಪಟ್ಟಿಯ ಹೆಸರು ಮಸ್ಕ್ಯುಲಾರಿಸ್ ಮ್ಯೂಕೋಸಿ. ಹೆಸರು ಉದ್ದವಾದರೂ ನೆನಪಿಟ್ಟುಕೊಳ್ಳುವುದು ಒಳ್ಳೆಯದು, ಕಥೆಯ ಕೊನೆಯಲ್ಲಿ ಇದೇ ಗಡಿರೇಖೆ. ಕೊಳವೆಗಳ ನಡುವೆ ಸಡಿಲ ಅಂಗಾಂಶ, ಅದರಲ್ಲಿ ಒಂದಷ್ಟು ಲಿಂಫೋಸೈಟುಗಳು, ಪ್ಲಾಸ್ಮಾ ಕೋಶಗಳು. ಒಟ್ಟಾರೆ ಬಣ್ಣ ತಿಳಿ.

ಇಪ್ಪತ್ತು ಪಟ್ಟಿನ ಮಸೂರಕ್ಕೆ ಬಂದಾಗ ಒಂದೇ ಕೊಳವೆ ಕಣ್ಣು ತುಂಬುತ್ತದೆ. ಅದರ ಗೋಡೆಯ ಉದ್ದಕ್ಕೂ ಎರಡು ಬಗೆಯ ಕೋಶಗಳು ಎದ್ದು ಕಾಣುತ್ತವೆ. ಒಂದು, ನೀರು ಹೀರುವ ಉದ್ದನೆಯ ಕೋಶ, ಗುಲಾಬಿ ಮೈ. ಇನ್ನೊಂದು ಗಾಬ್ಲೆಟ್ ಕೋಶ. ಹೊಟ್ಟೆ ತುಂಬ ಲೋಳೆ ಇಟ್ಟುಕೊಂಡು ಗುಂಡಗಿನ ಮಸುಕು ಬಿಂದುವಿನಂತೆ ಕಾಣುತ್ತದೆ. ಎರಡರಲ್ಲೂ ಕೋಶಕೇಂದ್ರ ಚಿಕ್ಕದು, ಒಂದೇ ಸಾಲಿನಲ್ಲಿ ತಳಕ್ಕೆ ಅಂಟಿಕೊಂಡಿದೆ. ಗೋಡೆಯ ಒಳಂಚಿಗೂ ಕೋಶಕೇಂದ್ರಗಳ ಸಾಲಿಗೂ ನಡುವೆ ಧಾರಾಳ ಜಾಗ.

ಕೊಳವೆಯ ಬುಡದಲ್ಲಿ ಮಾತ್ರ ನೋಟ ಬೇರೆ. ಅಲ್ಲಿ ಕೋಶಕೇಂದ್ರಗಳು ತುಸು ದೊಡ್ಡವು, ತುಸು ಕಪ್ಪು, ಲೋಳೆ ಕಡಿಮೆ, ಒಂದೆರಡು ಕೋಶಗಳು ಇಬ್ಭಾಗವಾಗುತ್ತಿರುವುದೂ ಕಾಣಬಹುದು. ಇದು ರೋಗವಲ್ಲ. ಹೊಸ ಕೋಶಗಳು ಹುಟ್ಟುವ ಜಾಗವೇ ಅದು. ಅಲ್ಲಿ ಹುಟ್ಟಿದ ಕೋಶ ಗೋಡೆಯ ಗುಂಟ ಮೇಲೇರುತ್ತ, ಏರುತ್ತ ಮಾಗುತ್ತ, ಲೋಳೆ ತುಂಬಿಕೊಂಡು, ಕೋಶಕೇಂದ್ರವನ್ನು ಚಿಕ್ಕದು ಮಾಡಿಕೊಂಡು, ಸುಮಾರು ನಾಲ್ಕೈದು ದಿನಗಳಲ್ಲಿ ಮೇಲ್ಮೈಗೆ ಬಂದು ಉದುರಿಹೋಗುತ್ತದೆ. ಸ್ಲೈಡ್ ಒಂದು ಸ್ತಬ್ಧ ಚಿತ್ರವಾದರೂ, ಬುಡದಿಂದ ಬಾಯಿಯವರೆಗೆ ಕಣ್ಣು ಹಾಯಿಸಿದರೆ ಆ ನಾಲ್ಕೈದು ದಿನಗಳ ಬದುಕು ಒಟ್ಟಿಗೆ ಕಾಣುತ್ತದೆ. ಡಿಸ್ಪ್ಲೇಸಿಯಾ ಎಂದರೆ ಕುರೂಪಿ ಕೋಶ ಎಂದು ತಿಳಿಯುವವರು ಹೆಚ್ಚು. ಹಾಗೆ ನೋಡಿದರೆ ಪ್ರತಿ ಸಹಜ ಕೊಳವೆಯ ಬುಡದಲ್ಲೂ ಅಂಥ ಕೋಶಗಳಿವೆ. ಕೇಳಬೇಕಾದ ಪ್ರಶ್ನೆ ಬೇರೆ: ಮೇಲೆ ಬಂದ ಮೇಲಾದರೂ ಕೋಶ ಮಾಗಿದೆಯೇ?

ಸ್ಲೈಡನ್ನು ತೊಟ್ಟಿನಿಂದ ಪಾಲಿಪ್ಪಿನ ತಲೆಯತ್ತ ಸರಿಸಿದಾಗ ಬಣ್ಣ ಥಟ್ಟನೆ ಬದಲಾಗುತ್ತದೆ. ತಿಳಿ ಗುಲಾಬಿಯ ಪಕ್ಕದಲ್ಲೇ ಗಾಢ ನೀಲಿಯ ಪ್ರದೇಶ. ನಲವತ್ತು ಪಟ್ಟು ಹಿಗ್ಗಿಸಿದಾಗಲೇ ಕಾಣುವಷ್ಟು ಸ್ಪಷ್ಟ. ಹತ್ತಿರ ಹೋದರೆ ಕಾರಣ ತಿಳಿಯುತ್ತದೆ. ಕೋಶಕೇಂದ್ರಗಳು ಗುಂಡಗಿನ ಆಕಾರ ಬಿಟ್ಟು ಪೆನ್ಸಿಲಿನಂತೆ ಉದ್ದವಾಗಿವೆ; ಜಾಗಕ್ಕಾಗಿ ಒಂದನ್ನೊಂದು ತಳ್ಳುತ್ತ ಒಂದೇ ಸಾಲು ಎರಡು ಮೂರು ಸಾಲಿನಂತೆ ತೋರುತ್ತಿದೆ. ನಿಜವಾಗಿ ಪ್ರತಿ ಕೋಶವೂ ತಳಕ್ಕೆ ಅಂಟಿಯೇ ಇದೆ, ಕೋಶಕೇಂದ್ರಗಳು ಮಾತ್ರ ಏರಿಳಿದು ನಿಂತಿವೆ. ಲೋಳೆ ತುಂಬಿದ ಮಸುಕು ಬಿಂದುಗಳು ವಿರಳವಾಗಿವೆ. ಬುಡದಲ್ಲಿ ಮಾತ್ರ ಇರಬೇಕಿದ್ದ ಕೋಶವಿಭಜನೆ ಗೋಡೆಯ ನಡುವೆಯೂ, ಬಾಯಿಯ ಹತ್ತಿರವೂ ಕಾಣುತ್ತಿದೆ. ಅಲ್ಲಲ್ಲಿ ಸತ್ತ ಕೋಶಗಳ ಕಪ್ಪು ಚೂರುಗಳು ಗೋಡೆಯೊಳಗೇ ಸಿಕ್ಕಿಕೊಂಡಿವೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಅಂಚು. ಒಂದೇ ಕೊಳವೆಯಲ್ಲಿ ಎಡಗೋಡೆ ಸಹಜ, ಬಲಗೋಡೆ ಪೆನ್ಸಿಲ್ ಕೋಶಗಳದ್ದು. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂದು ಬೆರಳಿಟ್ಟು ತೋರಿಸಬಹುದು; ಇತ್ತ ತಿಳಿ ಬಣ್ಣದ ಗಾಬ್ಲೆಟ್ ಕೋಶ, ಅದರ ಪಕ್ಕದ ಕೋಶದಿಂದಲೇ ಗಾಢ ನೀಲಿ. ನಡುವೆ ಮೆಲ್ಲಗೆ ಬದಲಾಗುವ ಹಂತವೇ ಇಲ್ಲ. ಕಾರಣ ಜೀನಿನ ಮಟ್ಟದಲ್ಲಿದೆ. ಕೋಶ ಯಾವಾಗ ಹುಟ್ಟಬೇಕು, ಯಾವಾಗ ನಿಲ್ಲಿಸಬೇಕು ಎಂಬುದಕ್ಕೆ ಕಡಿವಾಣ ಹಾಕುವ ಎಪಿಸಿ ಎಂಬ ಜೀನ್ ಒಂದು ಕೋಶದಲ್ಲಿ ಕೆಟ್ಟಿತು. ಆ ಕೋಶದ ಸಂತತಿಯೆಲ್ಲ ಅದೇ ದೋಷವನ್ನು ಹೊತ್ತು ಬಂತು. ಪಕ್ಕದ ಕೋಶದ ಸಂತತಿಗೆ ಅದರ ಗಂಧಗಾಳಿಯೂ ಇಲ್ಲ. ಅಡಿನೋಮದಿಂದ ಕ್ಯಾನ್ಸರಿನವರೆಗೆ ಹೀಗೆ ಜೀನುಗಳು ಹಂತಹಂತವಾಗಿ ಕೆಡುವ ದಾರಿಯನ್ನು ಫಿಯರನ್ ಮತ್ತು ವೋಗೆಲ್‌ಸ್ಟೈನ್ 1990ರಲ್ಲಿ ವಿವರಿಸಿದರು. ಆ ದಾರಿಯ ಮೊದಲ ಹೆಜ್ಜೆಗಳನ್ನು ಗಾಜಿನ ಮೇಲೆ ಬಣ್ಣದ ಗೆರೆಯಾಗಿ ನೋಡಬಹುದು.

ಇನ್ನು ಮೇಲ್ಮೈ. ಪಾಲಿಪ್ಪಿನ ತಲೆಯ ಹೊರ ಅಂಚಿನಲ್ಲಿ, ಕೋಶಗಳು ಮಾಗಿ ಉದುರಬೇಕಾದ ಜಾಗದಲ್ಲಿ, ಅದೇ ಉದ್ದನೆಯ ಕಪ್ಪು ಕೋಶಕೇಂದ್ರಗಳು ಒತ್ತಿಕೊಂಡು ನಿಂತಿವೆ. ಬುಡಕ್ಕೂ ಬಾಯಿಗೂ ವ್ಯತ್ಯಾಸವೇ ಉಳಿದಿಲ್ಲ. ಇಲ್ಲಿಗೆ ಪೆಥಾಲಜಿಸ್ಟ್‌ ಮನಸ್ಸಿನಲ್ಲಿ ತೀರ್ಪು ಬಹುಮಟ್ಟಿಗೆ ಆಯಿತು: ಇದು ಡಿಸ್ಪ್ಲೇಸಿಯಾ.

ಆದರೆ ಮೋಸ ಮಾಡುವ ವೇಷಗಳು ಕೆಲವಿವೆ. ಎಲ್ಲಕ್ಕಿಂತ ಹೆಚ್ಚು ಕಾಡುವುದು ಉರಿಯೂತ. ಅಲ್ಸರೇಟಿವ್ ಕೊಲೈಟಿಸ್ ಇರುವವರ ಕರುಳಿನಲ್ಲಿ ಹುಣ್ಣಾಗಿ, ಮಾಯುವ ಹೊತ್ತಿಗೆ ಕೋಶಗಳು ಅವಸರದಲ್ಲಿ ಹುಟ್ಟುತ್ತವೆ. ಕೋಶಕೇಂದ್ರ ದೊಡ್ಡದು, ಲೋಳೆ ಕಡಿಮೆ, ವಿಭಜನೆ ಹೆಚ್ಚು. ದೊಡ್ಡ ಮಸೂರದಲ್ಲಿ ಒಂದೇ ಕೋಶವನ್ನು ನೋಡಿದರೆ ಡಿಸ್ಪ್ಲೇಸಿಯಾ ಎಂದೇ ಅನ್ನಿಸಬೇಕು. ಆದರೆ ಅಲ್ಲಿ ಕೋಶಗಳ ನಡುವೆ ನ್ಯೂಟ್ರೋಫಿಲ್‌ಗಳು ನುಸುಳಿರುತ್ತವೆ, ಬದಲಾವಣೆ ಸಹಜದೊಳಗೆ ಮೆಲ್ಲಗೆ ಕರಗುತ್ತದೆ, ಮತ್ತು ಮೇಲೆ ಹೋದಂತೆ ಕೋಶ ಮಾಗುತ್ತದೆ. ಇವು ಯಾವುದೂ ಸ್ಪಷ್ಟವಾಗದಿದ್ದರೆ ಪೆಥಾಲಜಿಸ್ಟ್ ‘ಡಿಸ್ಪ್ಲೇಸಿಯಾ ಹೌದೋ ಅಲ್ಲವೋ ನಿರ್ಧರಿಸಲಾಗದು’ ಎಂದು ಬರೆಯುತ್ತಾರೆ. ಉರಿಯೂತಕ್ಕೆ ಚಿಕಿತ್ಸೆ ಕೊಟ್ಟು, ಆಮೇಲೆ ಮತ್ತೆ ಬಯಾಪ್ಸಿ ಮಾಡುತ್ತಾರೆ. ಅದನ್ನು ಕೈಲಾಗದ ಉತ್ತರವೆಂದು ರೋಗಿಗಳು ಗೊಣಗುವುದುಂಟು. ನಿಜಕ್ಕೆ ಅದು ಪ್ರಾಮಾಣಿಕ ಉತ್ತರ.

ಎರಡನೆಯ ವೇಷ ಕತ್ತರಿಸಿದ ಕೋನದ್ದು. ನುಗ್ಗೆಕಾಯಿಯನ್ನು ಅಡ್ಡ ಕೊಯ್ದರೆ ಗುಂಡಗಿನ ಬಿಲ್ಲೆ, ಓರೆಯಾಗಿ ಕೊಯ್ದರೆ ಉದ್ದನೆಯ ಚೂರು, ಕಾಯಿ ಒಂದೇ. ಮೇಣದೊಳಗೆ ತುಣುಕು ವಾಲಿ ಕೂತಿದ್ದರೆ ಕೊಳವೆಗಳ ಬುಡಗಳು ಮಾತ್ರ ಓರೆಯಾಗಿ ಸಿಕ್ಕಿ, ಕಪ್ಪು ಕೋಶಕೇಂದ್ರಗಳ ಹಲವು ಸಾಲುಗಳಂತೆ ಕಾಣುತ್ತವೆ. ಮೇಲ್ಮೈಯೇ ಕಾಣದ ಇಂಥ ತುಣುಕಿನ ಮೇಲೆ ತೀರ್ಪು ಕೊಡಬಾರದು. ಬ್ಲಾಕನ್ನು ಇನ್ನಷ್ಟು ಆಳಕ್ಕೆ ಹೆರೆದು ಹೊಸ ಪದರ ತರಿಸಿದರೆ ಸಾಮಾನ್ಯವಾಗಿ ಗೊಂದಲ ತೀರುತ್ತದೆ.

ಮೂರನೆಯದು ನಮ್ಮ ಪ್ರಕರಣದಲ್ಲೇ ಇದೆ. ತೊಟ್ಟಿನ ಸುಟ್ಟ ತುದಿಯ ಹತ್ತಿರ ಸಹಜ ಗ್ರಂಥಿಗಳ ಕೋಶಕೇಂದ್ರಗಳೂ ಎಳೆದಂತೆ ಉದ್ದವಾಗಿ, ಕಪ್ಪಾಗಿ, ಒಂದೇ ದಿಕ್ಕಿಗೆ ವಾಲಿವೆ. ಪೆನ್ಸಿಲ್ ಕೋಶಗಳೆಂದು ಕೊಂಡು ‘ಅಂಚಿನಲ್ಲಿ ಅಡಿನೋಮ ಉಳಿದಿದೆ’ ಎಂದು ಬರೆದುಬಿಟ್ಟರೆ ರೋಗಿ ಮತ್ತೊಮ್ಮೆ ಕೊಲೊನೊಸ್ಕೋಪಿಗೆ ಮಲಗಬೇಕಾದೀತು. ಆದರೆ ಇಲ್ಲಿ ಕೋಶಕೇಂದ್ರದ ಒಳವಿವರ ಯಾವುದೂ ಕಾಣದಷ್ಟು ಮಸಿ ಬಳಿದಂತಿದೆ, ಸುತ್ತಲಿನ ನಾರುಗಳೂ ಬೆಂದು ಗಾಜಿನಂತೆ ನಯವಾಗಿವೆ. ಇದು ವಿದ್ಯುತ್ ಶಾಖದ ಕೆಲಸ.

ಡಿಸ್ಪ್ಲೇಸಿಯಾ ಎಂದಾದ ಮೇಲೆ ಎಷ್ಟು ಎಂಬ ಪ್ರಶ್ನೆ. ಕೋಶಗಳು ಒತ್ತೊತ್ತಾಗಿದ್ದರೂ ಎಲ್ಲವೂ ಒಂದೇ ದಿಕ್ಕಿಗೆ ಮುಖಮಾಡಿ, ಕೋಶಕೇಂದ್ರಗಳು ತಳದ ಕಡೆಗೇ ಉಳಿದು, ಗ್ರಂಥಿಗಳು ಬಿಡಿಬಿಡಿ ಕೊಳವೆಗಳಾಗಿಯೇ ಇದ್ದರೆ ಅದು ಲೋ ಗ್ರೇಡ್. ಆ ಶಿಸ್ತು ಮುರಿದಾಗ ಹೈ ಗ್ರೇಡ್: ಕೋಶಕೇಂದ್ರಗಳು ಉಬ್ಬಿ ಗುಂಡಗಾಗುತ್ತವೆ, ಒಳಗೆ ಕೆಂಪನೆಯ ಚುಕ್ಕಿ ಎದ್ದು ಕಾಣುತ್ತದೆ, ಕೆಲವು ತಳ ಬಿಟ್ಟು ಕೊಳವೆಯ ಒಳಂಚಿನವರೆಗೆ ಬಂದಿರುತ್ತವೆ, ಗ್ರಂಥಿಗಳು ನಡುವೆ ಜಾಗವಿಲ್ಲದಂತೆ ಬೆನ್ನಿಗೆ ಬೆನ್ನು ತಾಗಿಸುತ್ತವೆ, ಒಂದೇ ಗ್ರಂಥಿಯೊಳಗೆ ಹಲವು ತೂತುಗಳು ಮೂಡುತ್ತವೆ. ಒಂದೆರಡು ಕೆಟ್ಟ ಕೋಶ ಕಂಡ ಮಾತ್ರಕ್ಕೆ ದರ್ಜೆ ಏರಿಸುವುದಿಲ್ಲ, ರಚನೆಯೂ ಕೆಟ್ಟಿರಬೇಕು. ಇಲ್ಲಿ ಇಬ್ಬರು ತಜ್ಞರು ಒಂದೇ ಸ್ಲೈಡಿಗೆ ಬೇರೆ ದರ್ಜೆ ಕೊಡುವುದು ಅಪರೂಪವಲ್ಲ. ಜಪಾನಿನ ತಜ್ಞರು ಕೋಶಕೇಂದ್ರ ನೋಡಿಯೇ ‘ಕ್ಯಾನ್ಸರ್’ ಎನ್ನುತ್ತಿದ್ದುದನ್ನು ಪಾಶ್ಚಾತ್ಯರು ಬರೀ ಡಿಸ್ಪ್ಲೇಸಿಯಾ ಎನ್ನುತ್ತಿದ್ದರು. ಈ ಜಗಳ ಬಿಡಿಸಲೆಂದೇ ಎರಡೂ ಕಡೆಯವರು 1998ರಲ್ಲಿ ವಿಯೆನ್ನಾದಲ್ಲಿ ಸೇರಿ ಒಂದು ಸಮಾನ ವರ್ಗೀಕರಣಕ್ಕೆ ಬಂದರು.

ದೊಡ್ಡಕರುಳಿನ ವಿಷಯದಲ್ಲಿ ಒಂದು ಸಮಾಧಾನವಿದೆ. ಇಲ್ಲಿನ ಲೋಳೆಪೊರೆಯಲ್ಲಿ ರೋಗ ಹೊತ್ತೊಯ್ಯಬಲ್ಲ ದುಗ್ಧನಾಳಗಳು ಬಹಳ ಕಡಿಮೆ. ಹಾಗಾಗಿ ಕೋಶ ಎಷ್ಟೇ ಕೆಟ್ಟಿದ್ದರೂ, ಆ ತೆಳು ಸ್ನಾಯುಪಟ್ಟಿಯನ್ನು ದಾಟಿ ಕೆಳಗಿಳಿಯುವವರೆಗೆ ಅದನ್ನು ಹರಡುವ ಕ್ಯಾನ್ಸರ್ ಎಂದು ಪರಿಗಣಿಸುವುದಿಲ್ಲ.

ನಮ್ಮ ಪಾಲಿಪ್ಪಿನಲ್ಲಿ ಗಾಬರಿ ಹುಟ್ಟಿಸುವ ನೋಟವೊಂದು ಅಲ್ಲೇ ಕಾದಿತ್ತು. ತೊಟ್ಟಿನೊಳಗೆ, ಸ್ನಾಯುಪಟ್ಟಿಯ ಕೆಳಗೆ, ಮೂರು ನಾಲ್ಕು ಗ್ರಂಥಿಗಳ ಒಂದು ಗುಂಪು. ಗಡಿ ದಾಟಿದಂತೆಯೇ. ಆದರೆ ಸಿಗ್ಮಾಯ್ಡಿನ ತೊಟ್ಟಿರುವ ಪಾಲಿಪ್ ಮಲ ಸಾಗುವಾಗೆಲ್ಲ ಎಳೆದಾಡಲ್ಪಡುತ್ತದೆ, ತಿರುಚಿಕೊಳ್ಳುತ್ತದೆ, ಒಳಗೇ ರಕ್ತ ಸೋರುತ್ತದೆ. ಆ ತಿರುಚಿನಲ್ಲಿ ಮೇಲಿನ ಗ್ರಂಥಿಗಳು ಕೆಳಗೆ ಒತ್ತಲ್ಪಡುವುದುಂಟು. ಹಾಗೆ ಒತ್ತಿ ಬಂದವು ತಮ್ಮ ಸುತ್ತಲಿನ ಸಡಿಲ ಅಂಗಾಂಶವನ್ನೂ ಜೊತೆಗೆ ತಂದಿರುತ್ತವೆ, ಹೊರಗೆರೆ ದುಂಡಾಗಿರುತ್ತದೆ, ಕೋಶಗಳು ಮೇಲಿನವುಗಳಂತೆಯೇ ಇರುತ್ತವೆ, ಸುತ್ತ ಹಳೆಯ ರಕ್ತದ ಕಬ್ಬಿಣ ಕಂದು ಕಣಗಳಾಗಿ ಉಳಿದಿರುತ್ತದೆ. ನಿಜವಾಗಿ ನುಗ್ಗಿದ ಕ್ಯಾನ್ಸರಾದರೆ ಗ್ರಂಥಿಗಳು ಮೊನಚು ಮೊನಚಾಗಿ, ಹೊಸದಾಗಿ ಎದ್ದ ಬಿಗಿ ನಾರಿನ ನಡುವೆ ಒಂಟಿಯಾಗಿ ನಿಂತಿರುತ್ತವೆ. ಇಲ್ಲಿ ಕಂದು ಕಣಗಳಿದ್ದವು, ಸಡಿಲ ಅಂಗಾಂಶವಿತ್ತು, ಬಿಗಿ ನಾರು ಇರಲಿಲ್ಲ. ಮಲದಲ್ಲಿ ರಕ್ತ ಏಕೆ ಕಾಣಿಸಿತು ಎಂಬುದಕ್ಕೂ ಆ ಕಂದು ಕಣಗಳಲ್ಲಿ ಒಂದು ಸುಳಿವು ಸಿಕ್ಕಿತು.

ಹಾಗಾಗಿ ವರದಿ ಹೀಗಾಯಿತು: ಸಿಗ್ಮಾಯ್ಡ್ ಪಾಲಿಪ್, ಎಂಟು ಮಿಲಿಮೀಟರ್, ಟ್ಯೂಬುಲರ್ ಅಡಿನೋಮ, ಲೋ ಗ್ರೇಡ್ ಡಿಸ್ಪ್ಲೇಸಿಯಾ, ತೊಟ್ಟಿನ ಅಂಚು ಮುಕ್ತ, ಒಳನುಗ್ಗುವಿಕೆ ಇಲ್ಲ. ‘ಟ್ಯೂಬುಲರ್’ ಎಂದರೆ ಗ್ರಂಥಿಗಳು ಬಹುಪಾಲು ಕೊಳವೆಯಾಕಾರದಲ್ಲೇ ಇವೆ ಎಂದು. ಬೆರಳುಗಳಂತೆ ಚಾಚಿದ್ದರೆ ‘ವಿಲ್ಲಸ್’ ಎನ್ನುತ್ತಾರೆ, ಅದಕ್ಕೆ ಎಚ್ಚರಿಕೆ ಹೆಚ್ಚು ಬೇಕು. ಅಮೆರಿಕದ ತಜ್ಞ ಸಂಘಗಳ 2020ರ ಮಾರ್ಗಸೂಚಿಯಂತೆ, ಉತ್ತಮ ಗುಣಮಟ್ಟದ ಕೊಲೊನೊಸ್ಕೋಪಿಯಲ್ಲಿ ಹತ್ತು ಮಿಲಿಮೀಟರಿಗಿಂತ ಚಿಕ್ಕದಾದ ಇಂಥ ಒಂದೆರಡು ಪಾಲಿಪ್ ಪೂರ್ತಿ ತೆಗೆದವರಿಗೆ ಮುಂದಿನ ಕೊಲೊನೊಸ್ಕೋಪಿ ಏಳರಿಂದ ಹತ್ತು ವರ್ಷಕ್ಕೆ. ಗಾತ್ರ ಹತ್ತು ಮಿಲಿಮೀಟರ್ ಮುಟ್ಟಿದ್ದರೆ, ವಿಲ್ಲಸ್ ಭಾಗವಿದ್ದರೆ ಅಥವಾ ಹೈ ಗ್ರೇಡ್ ಆಗಿದ್ದರೆ ಮೂರು ವರ್ಷಕ್ಕೆ.

ಇಂಥ ವರದಿ ಕೈಗೆ ಬಂದವರು ‘ಡಿಸ್ಪ್ಲೇಸಿಯಾ’ ಪದದ ಮೇಲೆ ಕಣ್ಣು ನೆಡುವ ಬದಲು ಅದರ ಅಕ್ಕಪಕ್ಕ ಓದಬೇಕು: ಗಾತ್ರ ಎಷ್ಟು, ದರ್ಜೆ ಯಾವುದು, ಅಂಚು ಮುಕ್ತವೇ, ಪಾಲಿಪ್ ಇಡಿಯಾಗಿ ಬಂದಿದೆಯೇ ಅಥವಾ ಚೂರುಚೂರಾಗಿಯೇ. ಹೈ ಗ್ರೇಡ್ ಎಂದೋ, ನಿರ್ಧರಿಸಲಾಗದು ಎಂದೋ ಬರೆದಿದ್ದರೆ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸುವುದರಲ್ಲಿ ಸಂಕೋಚ ಬೇಡ. ವೈದ್ಯರೇ ತಮ್ಮತಮ್ಮಲ್ಲಿ ಹಾಗೆ ಮಾಡುತ್ತಾರೆ. ಹಾಗೆ ಹೋಗುವಾಗ ಬರೀ ವರದಿಯ ಹಾಳೆ ಸಾಲದು. ಲ್ಯಾಬಿನಲ್ಲಿ ಕೇಳಿ ಸ್ಲೈಡನ್ನೂ ಮೇಣದ ಬ್ಲಾಕನ್ನೂ ಪಡೆದುಕೊಳ್ಳಿ, ಕೊಲೊನೊಸ್ಕೋಪಿಯ ವರದಿಯನ್ನು ಜೊತೆಗಿಡಿ, ಮತ್ತು ಬೇಸಿಗೆಯಲ್ಲಿ ಬ್ಲಾಕನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಹೋಗಬೇಡಿ. ಅದು ಮೇಣ, ಕರಗುತ್ತದೆ.